ಮೂರು ಸಾಲಿಗೊಂದರಂತೆ ಮೊತ್ತ: MOD, ROW, SUMPRODUCT ಮತ್ತು ಕೊಪ್ಪಳ ಜಿಲ್ಲೆಯ ಹಂಗಾಮಿನ ತಖ್ತೆ

ಸ್ಪ್ರೆಡ್‌ಶೀಟಿನ ಒಂದು ಕಾಲಂನಲ್ಲಿ ಮೇಲಿನಿಂದ ಕೆಳಗೆ ಇಳಿಯುವ ಅಂಕಿಗಳಲ್ಲಿ ಎರಡನ್ನು ಬಿಟ್ಟು ಮೂರನೆಯದನ್ನು ಎತ್ತಿಕೊಂಡು, ಮತ್ತೆ ಎರಡನ್ನು ಬಿಟ್ಟು ಆರನೆಯದನ್ನು ಎತ್ತಿಕೊಂಡು, ಕೊನೆಯವರೆಗೂ ಹೀಗೇ ಆರಿಸಿ ಕೂಡುವ ವಿಧಾನ ಇದು. ಇದರಲ್ಲಿ ಮೂರು ಫಂಕ್ಷನ್‌ಗಳು ಕೆಲಸ ಹಂಚಿಕೊಳ್ಳುತ್ತವೆ. ROW ಪ್ರತಿ ಸೆಲ್ಲಿನ ಸಾಲಿನ ಸಂಖ್ಯೆ ಹೇಳುತ್ತದೆ, MOD ಆ ಸಂಖ್ಯೆಯನ್ನು ಮೂರರಿಂದ ಭಾಗಿಸಿ ಉಳಿದ ಶೇಷವನ್ನು ಕೊಡುತ್ತದೆ, SUMPRODUCT ಬೇಕಾದ ಶೇಷವಿರುವ ಸಾಲುಗಳ ಅಂಕಿಗಳನ್ನಷ್ಟೇ ಕೂಡುತ್ತದೆ. ಎಕ್ಸೆಲ್‌ನಲ್ಲೂ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ಈ ಮೂರೂ ಇದೇ ಹೆಸರಿನಲ್ಲಿವೆ.

ಇಂಥ ಕಾಲಂ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಜಿಲ್ಲಾ ಮಟ್ಟದ ಯಾವ ಕಚೇರಿಯ ತಖ್ತೆಯನ್ನಾದರೂ ನೋಡಬಹುದು. ತಾಲ್ಲೂಕಿನ ಹೆಸರು ಒಮ್ಮೆ ಬರುತ್ತದೆ, ಅದರ ಎದುರು ಮುಂಗಾರು, ಹಿಂಗಾರು, ಬೇಸಿಗೆ ಎಂದು ಮೂರು ಸಾಲುಗಳಿರುತ್ತವೆ. ಆಮೇಲೆ ಮುಂದಿನ ತಾಲ್ಲೂಕು, ಮತ್ತೆ ಅದೇ ಮೂರು ಸಾಲು. ಓದುವವನಿಗೆ ಇದು ಸಲೀಸು, ಕೂಡುವವನಿಗೆ ಕಷ್ಟ. ಜಿಲ್ಲೆಯ ಬೇಸಿಗೆ ಬಿತ್ತನೆ ಎಷ್ಟು ಎಂದು ಮೇಲಿನ ಕಚೇರಿ ಕೇಳಿದಾಗ ಉತ್ತರ ಒಂದೇ ಕಾಲಂನಲ್ಲಿ ಚದುರಿಕೊಂಡಿರುತ್ತದೆ. ನಾಲ್ಕು ತಾಲ್ಲೂಕಾದರೆ ನಾಲ್ಕು ಸೆಲ್ಲನ್ನು ಒಂದೊಂದಾಗಿ ಒತ್ತಿ ಕೂಡಬಹುದು. ಅದೇ ತಖ್ತೆ ಗ್ರಾಮ ಪಂಚಾಯಿತಿವಾರು ಬಂದರೆ ಕೈಯಿಂದ ಒತ್ತುವುದು ಆಗದ ಮಾತು, ಒತ್ತಿದರೂ ಒಂದೆರಡು ತಪ್ಪಿಯೇ ತಪ್ಪುತ್ತವೆ.

ಕೊಪ್ಪಳ ಜಿಲ್ಲೆ 1990ರ ದಶಕದ ಕೊನೆಯಲ್ಲಿ ರಾಯಚೂರಿನಿಂದ ಬೇರೆಯಾದಾಗ ಅದರಲ್ಲಿದ್ದದ್ದು ನಾಲ್ಕು ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈ ಲೇಖನದ ಲೆಕ್ಕಕ್ಕೆ ಈ ನಾಲ್ಕನ್ನೇ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಮೂರು ಹಂಗಾಮು ನಾಲ್ಕೂ ಕಡೆ ಒಂದೇ ಥರ ಇರುವುದಿಲ್ಲ. ಗಂಗಾವತಿಯ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ, ಜಲಾಶಯದಲ್ಲಿ ನೀರಿದ್ದ ವರ್ಷ ಅಲ್ಲಿ ಬೇಸಿಗೆಯಲ್ಲೂ ಎರಡನೇ ಬೆಳೆ ಭತ್ತ ನಿಲ್ಲುತ್ತದೆ. ಯಲಬುರ್ಗಾದ ಎರಿ ಹೊಲಗಳು ಹಿಂಗಾರಿನವು, ಬಿಳಿಜೋಳ ಮತ್ತು ಕಡಲೆಯ ನೆಲ. ಕುಷ್ಟಗಿಯ ಮಸಾರಿಯಲ್ಲಿ ಮುಂಗಾರಿನ ಸಜ್ಜೆ, ಹೆಸರು. ಹೀಗಾಗಿ ಮೊತ್ತ ತಪ್ಪಿದರೆ ಈ ನೆಲ ಬಲ್ಲವನ ಕಣ್ಣಿಗೆ ಅದು ಕುಕ್ಕುತ್ತದೆ. ಯಲಬುರ್ಗಾದಲ್ಲಿ ಬೇಸಿಗೆಯ ಬಿತ್ತನೆ ಹಿಂಗಾರಿನಷ್ಟು ಬರುವುದು ಸಾಧ್ಯವೇ ಇಲ್ಲ. ಬಂದಿದ್ದರೆ ಫಾರ್ಮುಲಾ ಬೇರೆ ಸಾಲನ್ನು ಎತ್ತಿಕೊಂಡಿದೆ ಎಂದೇ ಅರ್ಥ.

ಒಂದು ತಖ್ತೆ, ಹನ್ನೆರಡು ಸಾಲು

ಕೆಳಗಿನ ಅಂಕಿಗಳು ಲೆಕ್ಕ ತೋರಿಸುವುದಕ್ಕಾಗಿ ಇಟ್ಟುಕೊಂಡವು, ಯಾವುದೇ ವರ್ಷದ ಬಿತ್ತನೆ ವರದಿಯವಲ್ಲ. ಪ್ರತಿ ಅಂಕಿಯೂ ನೂರು ಹೆಕ್ಟೇರ್‌ಗಳಲ್ಲಿದೆ. ಕಚೇರಿಯ ತಖ್ತೆಗಳಲ್ಲಿ ಮೇಲೆ ಇಲಾಖೆಯ ಹೆಸರು, ವಿಷಯ, ಖಾಲಿ ಸಾಲು, ಶೀರ್ಷಿಕೆ ಇವೆಲ್ಲ ನಾಲ್ಕು ಸಾಲು ತಿನ್ನುವುದರಿಂದ ಅಂಕಿಗಳು ಶುರುವಾಗುವುದು 5ನೇ ಸಾಲಿನಿಂದ. A ಕಾಲಂನಲ್ಲಿ ತಾಲ್ಲೂಕು, B ಕಾಲಂನಲ್ಲಿ ಹಂಗಾಮು, C ಕಾಲಂನಲ್ಲಿ ವಿಸ್ತೀರ್ಣ.

```
ಸಾಲು   A          B          C
5     ಕೊಪ್ಪಳ      ಮುಂಗಾರು     500
6                ಹಿಂಗಾರು     300
7                ಬೇಸಿಗೆ       60
8     ಗಂಗಾವತಿ     ಮುಂಗಾರು     700
9                ಹಿಂಗಾರು     100
10               ಬೇಸಿಗೆ      450
11    ಕುಷ್ಟಗಿ      ಮುಂಗಾರು     800
12               ಹಿಂಗಾರು     350
13               ಬೇಸಿಗೆ       20
14    ಯಲಬುರ್ಗಾ    ಮುಂಗಾರು     600
15               ಹಿಂಗಾರು     650
16               ಬೇಸಿಗೆ       10
```

ಬೇಸಿಗೆಯ ನಾಲ್ಕು ಅಂಕಿಗಳನ್ನು ಕೈಯಿಂದ ಕೂಡಿದರೆ 60, 450, 20, 10 ಸೇರಿ 540. ಫಾರ್ಮುಲಾ ಕೊಡಬೇಕಾದದ್ದು ಇದನ್ನೇ. ಮುಂಗಾರಿನ ಮೊತ್ತ 2600, ಹಿಂಗಾರಿನದು 1400, ಒಟ್ಟು 4540. ಈ ನಾಲ್ಕು ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಬರುವ ಒಂದೊಂದು ತಪ್ಪೂ ತಾನಾಗಿ ಗುರುತು ಸಿಗುತ್ತದೆ.

ಮೂರನೇ ಸಾಲುಗಳ ಮೊತ್ತ ಬೇಕೆಂದಾಗ ಬಹಳ ಮಂದಿ ಮೊದಲು ಬರೆಯುವ ಫಾರ್ಮುಲಾ ಹೀಗಿರುತ್ತದೆ:

```
=SUMPRODUCT((MOD(ROW(C5:C16),3)=0)*C5:C16)
```

ಮೂರರಿಂದ ಶೇಷವಿಲ್ಲದೆ ಭಾಗವಾಗುವ ಸಾಲುಗಳನ್ನು ಆರಿಸು ಎಂದು ಇದರ ಅರ್ಥ. ಮಾತು ಸರಿಯಾಗಿಯೇ ಕೇಳಿಸುತ್ತದೆ, ಉತ್ತರ ಮಾತ್ರ 1400 ಬರುತ್ತದೆ. ಅದು ಹಿಂಗಾರಿನ ಮೊತ್ತ. ROW ಹೇಳುವುದು ಹಾಳೆಯ ಸಾಲಿನ ಸಂಖ್ಯೆಯನ್ನು, ತಖ್ತೆಯೊಳಗಿನ ಕ್ರಮಸಂಖ್ಯೆಯನ್ನಲ್ಲ. ಹಾಳೆಯಲ್ಲಿ ಮೂರರಿಂದ ಭಾಗವಾಗುವ ಸಾಲುಗಳು 6, 9, 12, 15. ಅವು ನಾಲ್ಕೂ ಹಿಂಗಾರಿನ ಸಾಲುಗಳು. ಅಂಕಿ 3ನೇ ಸಾಲಿನಿಂದ ಶುರುವಾಗುವ ಹಾಳೆಯಲ್ಲಿ ಇದೇ ಫಾರ್ಮುಲಾ ಮುಂಗಾರನ್ನು ಕೊಡುತ್ತದೆ, 4ನೇ ಸಾಲಿನಿಂದ ಶುರುವಾದರೆ ಬೇಸಿಗೆಯನ್ನು. ಹಾಗಾಗಿ ಒಂದು ಕಚೇರಿಯಲ್ಲಿ ಸರಿ ಬಂದ ಫಾರ್ಮುಲಾವನ್ನು ಇನ್ನೊಂದು ಕಚೇರಿಯ ತಖ್ತೆಗೆ ಹಾಗೆಯೇ ಅಂಟಿಸಿದರೆ ಮೂರರಲ್ಲಿ ಯಾವ ಹಂಗಾಮು ಬೇಕಾದರೂ ಬರಬಹುದು.

ಇದಕ್ಕಿಂತ ಕೆಟ್ಟದ್ದು ಆಮೇಲೆ ಆಗುತ್ತದೆ. ಮೇಲಧಿಕಾರಿ ತಖ್ತೆಯ ನೆತ್ತಿಯ ಮೇಲೆ ದಿನಾಂಕದ ಒಂದು ಸಾಲು ಸೇರಿಸಿ ಎನ್ನುತ್ತಾರೆ, ವಿಷಯ ನಿರ್ವಾಹಕರು ಸೇರಿಸುತ್ತಾರೆ. ಅಂಕಿಗಳೆಲ್ಲ ಒಂದು ಸಾಲು ಕೆಳಗಿಳಿದು ಫಾರ್ಮುಲಾದ ವ್ಯಾಪ್ತಿ ತಾನಾಗಿ C6:C17 ಎಂದು ಬದಲಾಗುತ್ತದೆ. ಈಗ 6, 9, 12, 15ನೇ ಸಾಲುಗಳಲ್ಲಿ ಇರುವುದು ಮುಂಗಾರು. 1400 ಇದ್ದ ಮೊತ್ತ ಯಾರೂ ಮುಟ್ಟದೆಯೇ 2600 ಆಗುತ್ತದೆ, ಯಾವ ಎಚ್ಚರಿಕೆಯೂ ತೆರೆಯ ಮೇಲೆ ಬರುವುದಿಲ್ಲ.

ಎಣಿಕೆಗೆ ಮೊದಲ ಸಾಲನ್ನೇ ಗೂಟವಾಗಿಸುವುದು

ಪರಿಹಾರ ಸರಳವಾಗಿದೆ. ಹಾಳೆಯ ಸಾಲಿನ ಸಂಖ್ಯೆಯಿಂದ ತಖ್ತೆಯ ಮೊದಲ ಅಂಕಿಯ ಸಾಲಿನ ಸಂಖ್ಯೆಯನ್ನು ಕಳೆಯಬೇಕು. ಆಗ ಎಣಿಕೆ ಎಲ್ಲಿಂದ ಶುರುವಾದರೂ ತಖ್ತೆಯ ಒಳಗೆ ಸೊನ್ನೆಯಿಂದಲೇ ಶುರುವಾಗುತ್ತದೆ.

```
=SUMPRODUCT((MOD(ROW(C5:C16)-ROW(C5),3)=2)*C5:C16)
```

ಇದು 540 ಕೊಡುತ್ತದೆ. ಒಳಗೆ ನಡೆಯುವುದನ್ನು ಬಿಡಿಸಿ ನೋಡಿದರೆ ಹೀಗಿದೆ:

```
ROW(C5:C16)    5 6 7  8 9 10  11 12 13  14 15 16
-ROW(C5)       0 1 2  3 4 5    6  7  8   9 10 11
MOD(...,3)     0 1 2  0 1 2    0  1  2   0  1  2
=2             0 0 1  0 0 1    0  0  1   0  0  1
*C5:C16        0 0 60 0 0 450  0  0  20  0  0  10
```

ಮೂರನೇ ಗೆರೆಯನ್ನು ಹೊಲದಲ್ಲಿ ಕಂಡವರೂ ಇದ್ದಾರೆ. ಜೋಳದ ಹೊಲದಲ್ಲಿ ಇಷ್ಟು ಸಾಲಿಗೆ ಒಂದು ಸಾಲು ತೊಗರಿ ಅಕ್ಕಡಿ ಹಾಕುವಾಗ ಕೂರಿಗೆಯ ಹಿಂದೆ ನಡೆಯುವವರು ಹೊಲದ ಎಲ್ಲ ಸಾಲುಗಳನ್ನೂ ನೂರಿನ್ನೂರು ಎಂದು ಎಣಿಸುವುದಿಲ್ಲ. ಅಕ್ಕಡಿ ಸಾಲು ಬಂದ ಕೂಡಲೇ ಎಣಿಕೆ ಮರಳಿ ಮೊದಲಿನಿಂದ ಶುರುವಾಗುತ್ತದೆ. MOD ಮಾಡುವುದು ಅದನ್ನೇ. ಸಂಖ್ಯೆ ಎಷ್ಟೇ ಬೆಳೆದರೂ ಮೂರರ ಸರತಿಯಲ್ಲಿ ಅದರ ಜಾಗ ಯಾವುದು ಎಂಬುದನ್ನಷ್ಟೇ ಹೇಳುತ್ತದೆ. ಸರತಿಯ ಮೊದಲನೆಯದಕ್ಕೆ 0, ನಡುವಿನದಕ್ಕೆ 1, ಮೂರನೆಯದಕ್ಕೆ 2. ಫಾರ್ಮುಲಾದಲ್ಲಿ 2 ಇದ್ದ ಜಾಗಕ್ಕೆ 1 ಹಾಕಿದರೆ ಹಿಂಗಾರು, 0 ಹಾಕಿದರೆ ಮುಂಗಾರು.

ಮೂರನೆಯದಕ್ಕೆ 3 ಎಂದು ಬರೆದು ಮೊತ್ತ ಸೊನ್ನೆ ಬಂತೆಂದು ತಬ್ಬಿಬ್ಬಾಗುವವರಿದ್ದಾರೆ. ಮೂರರಿಂದ ಭಾಗಿಸಿದಾಗ ಶೇಷ 3 ಉಳಿಯುವುದೇ ಇಲ್ಲವಾದ್ದರಿಂದ ಯಾವ ಸಾಲೂ ಆಯ್ಕೆಯಾಗುವುದಿಲ್ಲ. ಮೂರನೇ ಸಾಲಿಗೆ 0 ಬರಲಿ ಎಂದು ಬಯಸುವವರು ಮೊದಲ ಅಂಕಿಯ ಬದಲು ಶೀರ್ಷಿಕೆಯ ಸಾಲನ್ನು, ಅಂದರೆ ROW(C4) ಅನ್ನು ಕಳೆಯಬಹುದು. ಆಗ ಎಣಿಕೆ 1, 2, 3 ಎಂದು ಸಾಗಿ ಪ್ರತಿ ಮೂರನೆಯದಕ್ಕೆ ಶೇಷ 0 ಬರುತ್ತದೆ. ಓದಲು ಅದು ಹೆಚ್ಚು ಸಹಜ, ಆದರೆ ಶೀರ್ಷಿಕೆಗೂ ಮೊದಲ ಅಂಕಿಗೂ ನಡುವೆ ಯಾರಾದರೂ ಸಾಲು ತುರುಕಿದರೆ ಎಣಿಕೆ ತಪ್ಪುತ್ತದೆ. ಅದಕ್ಕೇ ಮೊದಲ ಅಂಕಿಯನ್ನು ಗೂಟವಾಗಿಸುವುದು ಮೇಲು. ಆ ಸಾಲನ್ನೇ ಯಾರಾದರೂ ಅಳಿಸಿದರೆ ಫಾರ್ಮುಲಾ #REF! ಎಂದು ಕೂಗಿಕೊಳ್ಳುತ್ತದೆ. ಸದ್ದಿಲ್ಲದ ತಪ್ಪಿಗಿಂತ ಸದ್ದು ಮಾಡುವ ತಪ್ಪು ಎಷ್ಟೋ ಒಳ್ಳೆಯದು.

SUMPRODUCT ಏಕೆ

ಹೆಸರೇ ಹೇಳುವಂತೆ ಈ ಫಂಕ್ಷನ್ ಹುಟ್ಟಿದ್ದು ಗುಣಿಸಿ ಕೂಡುವುದಕ್ಕೆ. ಗಂಗಾವತಿಯ ಅಕ್ಕಿ ವ್ಯಾಪಾರಿಯ ಪುಸ್ತಕದಲ್ಲಿ ಒಂದು ಕಾಲಂ ಕ್ವಿಂಟಲ್, ಪಕ್ಕದ ಕಾಲಂ ದರ. ಪ್ರತಿ ಸಾಲಿನಲ್ಲಿ ಎರಡನ್ನೂ ಗುಣಿಸಿ, ಬಂದ ಹಣವನ್ನೆಲ್ಲ ಕೆಳಗೆ ಕೂಡಿದರೆ ದಿನದ ವಹಿವಾಟು. ಇದನ್ನು SUMPRODUCT ಒಂದೇ ಸೆಲ್ಲಿನಲ್ಲಿ ಮಾಡುತ್ತದೆ. ನಮ್ಮ ತಖ್ತೆಯಲ್ಲಿ ದರದ ಜಾಗದಲ್ಲಿ ಕುಳಿತಿರುವುದು ಹೌದು, ಅಲ್ಲ ಎಂಬ ಉತ್ತರ. ಶೇಷ 2 ಹೌದಾದರೆ TRUE, ಅಲ್ಲವಾದರೆ FALSE. ಗುಣಾಕಾರದ ಚಿಹ್ನೆ ಸಿಕ್ಕಿದೊಡನೆ TRUE ಎಂಬುದು 1 ಆಗುತ್ತದೆ, FALSE ಎಂಬುದು 0 ಆಗುತ್ತದೆ. ಸೊನ್ನೆಯಿಂದ ಗುಣಿಸಿದ ಎಂಟು ಸಾಲು ಅಳಿದು, ಒಂದರಿಂದ ಗುಣಿಸಿದ ನಾಲ್ಕು ಸಾಲು ಉಳಿಯುತ್ತವೆ.

ಇದೇ ಕೆಲಸವನ್ನು SUM ಮತ್ತು IF ಸೇರಿಸಿಯೂ ಮಾಡಬಹುದು. ಆದರೆ ಹಳೆಯ ಎಕ್ಸೆಲ್‌ಗಳಲ್ಲಿ ಹಾಗೆ ಬರೆದ ಫಾರ್ಮುಲಾವನ್ನು Ctrl, Shift, Enter ಮೂರನ್ನೂ ಒಟ್ಟಿಗೆ ಒತ್ತಿ ಮುಗಿಸಬೇಕಿತ್ತು. ಮರೆತು ಬರಿಯ Enter ಒತ್ತಿದರೆ ಉತ್ತರ ತಪ್ಪುತ್ತಿತ್ತು. SUMPRODUCT ತನ್ನೊಳಗೆ ಬಂದದ್ದನ್ನು ಮೊದಲಿನಿಂದಲೂ ಸಾಲುಸಾಲಾಗಿಯೇ ನೋಡುತ್ತದೆ, ಅದಕ್ಕೆ ಬರಿಯ Enter ಸಾಕು. ಹತ್ತಾರು ಕೈ ಬದಲಾಗುವ ಕಚೇರಿ ಹಾಳೆಗಳಲ್ಲಿ ಈ ರೂಪ ಉಳಿದುಕೊಂಡದ್ದಕ್ಕೆ ಇದೊಂದು ದೊಡ್ಡ ಕಾರಣ. ಹೊಸ ಎಕ್ಸೆಲ್‌ನಲ್ಲಿ SUM ಕೂಡ ಇದನ್ನು ತಾನೇ ಮಾಡುತ್ತದೆ, ಆದರೆ ಜಿಲ್ಲಾ ಕಚೇರಿಯಿಂದ ಹೊರಟ ಹಾಳೆ ಹೋಬಳಿಯ ಯಾವ ಹಳೆಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ ಎಂದು ಹೇಳಲಾಗದು.

SUMPRODUCT ಅನ್ನು ಎರಡು ರೀತಿಯಲ್ಲಿ ಬರೆಯುವ ರೂಢಿಯಿದೆ. ಮೇಲೆ ನಕ್ಷತ್ರ ಚಿಹ್ನೆಯಿಂದ ಗುಣಿಸಿದ ರೂಪವನ್ನು ನೋಡಿದೆವು. ಇನ್ನೊಂದು ರೂಪದಲ್ಲಿ ಎರಡು ಭಾಗಗಳ ನಡುವೆ ಅಲ್ಪವಿರಾಮ ಬರುತ್ತದೆ, ಹೌದು ಅಲ್ಲಗಳನ್ನು ಅಂಕಿಯಾಗಿಸಲು ಎದುರಿಗೆ ಎರಡು ಕಳೆಯುವ ಚಿಹ್ನೆ ಇಡಬೇಕಾಗುತ್ತದೆ:

```
=SUMPRODUCT(--(MOD(ROW(C5:C16)-ROW(C5),3)=2),C5:C16)
```

ಸೆಲ್‌ಗಳಲ್ಲಿ ಶುದ್ಧ ಅಂಕಿಗಳೇ ಇದ್ದರೆ ಎರಡೂ 540 ಕೊಡುತ್ತವೆ. ಅಂಕಿಯಲ್ಲದ್ದು ನುಸುಳಿದಾಗ ಎರಡರ ಸ್ವಭಾವ ಬೇರೆಯಾಗುತ್ತದೆ. ಕುಷ್ಟಗಿಯವರು ಬೇಸಿಗೆಯ ಸೆಲ್ಲಿನಲ್ಲಿ 20ರ ಬದಲು "ಇಲ್ಲ" ಎಂದೋ ಒಂದು ಅಡ್ಡಗೆರೆಯನ್ನೋ ಹಾಕಿ ಕಳಿಸಿದರೆ ನಕ್ಷತ್ರದ ರೂಪ ಪೂರ್ತಿ ಕೈಚೆಲ್ಲಿ #VALUE! ತೋರಿಸುತ್ತದೆ. ಅಂಥ ಪದ ಮುಂಗಾರಿನ ಸಾಲಿನಲ್ಲಿದ್ದರೂ ಹೀಗೇ ಆಗುತ್ತದೆ, ಏಕೆಂದರೆ ಬೇಡದ ಸಾಲನ್ನೂ ಸೊನ್ನೆಯಿಂದ ಗುಣಿಸಲೇಬೇಕು, ಪದವನ್ನು ಗುಣಿಸಲು ಬಾರದು. ಅಲ್ಪವಿರಾಮದ ರೂಪ ಪದವನ್ನು ಸೊನ್ನೆ ಎಂದು ಭಾವಿಸಿ ಮುಂದೆ ಹೋಗುತ್ತದೆ.

ಇದನ್ನು ಕೇಳಿದವರಿಗೆ ಎರಡನೆಯದೇ ಒಳ್ಳೆಯದು ಅನ್ನಿಸುತ್ತದೆ, ನಾನು ಹಾಗೆ ಹೇಳಲಾರೆ. ಗಂಗಾವತಿಯ 450 ಬೇರೊಂದು ಕಡೆಯಿಂದ ಅಂಟಿಸಿದ್ದರಿಂದ ಪಠ್ಯವಾಗಿ ಉಳಿದಿದೆ ಎಂದುಕೊಳ್ಳಿ. ನೋಡಲು ಅದು 450ರಂತೆಯೇ ಇರುತ್ತದೆ, ಸೆಲ್ಲಿನ ಎಡಕ್ಕೆ ಅಂಟಿಕೊಂಡಿರುವುದಷ್ಟೇ ಗುರುತು. ಎಕ್ಸೆಲ್‌ನಲ್ಲಿ ನಕ್ಷತ್ರದ ರೂಪ ಅದನ್ನು ಅಂಕಿಯಾಗಿ ಓದಿ 540 ಎನ್ನುತ್ತದೆ. ಅಲ್ಪವಿರಾಮದ ರೂಪ ಅದನ್ನು ಸೊನ್ನೆ ಎಂದೆಣಿಸಿ 90 ಎನ್ನುತ್ತದೆ. ಗಂಗಾವತಿಯ ಬೇಸಿಗೆ ಭತ್ತ ಪೂರ್ತಿ ಮಾಯವಾಗಿದ್ದರೂ ಸೆಲ್ಲಿನಲ್ಲಿ ಒಂದು ಚೊಕ್ಕ ಸಂಖ್ಯೆ ಕುಳಿತಿರುತ್ತದೆ. ಆದ್ದರಿಂದ ಯಾವ ರೂಪ ಬಳಸಿದರೂ ಪಕ್ಕದಲ್ಲಿ =COUNT(C5:C16) ಎಂದು ಬರೆದು ಉತ್ತರ 12 ಇದೆಯೇ ಎಂದು ನೋಡಬೇಕು. COUNT ನಿಜವಾದ ಅಂಕಿಗಳನ್ನಷ್ಟೇ ಎಣಿಸುತ್ತದೆ, 11 ಬಂದರೆ ಒಂದು ಸೆಲ್ ಕೈಕೊಟ್ಟಿದೆ.

ನಡುವೆ ನುಗ್ಗುವ ಸಾಲು

ಈ ವಿಧಾನದ ಜೀವವೆಲ್ಲ ಸರತಿ ಕೆಡದಿರುವುದರಲ್ಲಿದೆ. ಮೇಲೆ ಸಾಲು ಸೇರಿದರೆ ಗೂಟ ಕಾಪಾಡುತ್ತದೆ, ನಡುವೆ ಸೇರಿದರೆ ಏನೂ ಕಾಪಾಡುವುದಿಲ್ಲ. ತಾಲ್ಲೂಕುಗಳ ನಡುವೆ ಅಂತರ ಇದ್ದರೆ ಚೆಂದ ಎಂದು ಯಾರೋ ಕೊಪ್ಪಳಕ್ಕೂ ಗಂಗಾವತಿಗೂ ಮಧ್ಯೆ ಒಂದು ಖಾಲಿ ಸಾಲು ಬಿಟ್ಟರೆನ್ನಿ. ವ್ಯಾಪ್ತಿ C5:C17 ಆಗುತ್ತದೆ. ಕೊಪ್ಪಳದ ಮೂರು ಸಾಲು ಇದ್ದಲ್ಲೇ ಇವೆ, ಉಳಿದ ಒಂಬತ್ತು ಒಂದೊಂದು ಸಾಲು ಜಾರಿವೆ. ಫಾರ್ಮುಲಾ ಈಗ ಎತ್ತಿಕೊಳ್ಳುವುದು 7, 10, 13, 16ನೇ ಸಾಲುಗಳನ್ನು. 7ರಲ್ಲಿ ಕೊಪ್ಪಳದ ಬೇಸಿಗೆ 60 ಇದೆ, ಉಳಿದ ಮೂರರಲ್ಲಿ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಿಂಗಾರು ಇದೆ: 100, 350, 650. ಮೊತ್ತ 1160. ಬೇಸಿಗೆಯ ಹೆಸರಿನಲ್ಲಿ ಯಲಬುರ್ಗಾದ ಕಡಲೆ, ಜೋಳ ಲೆಕ್ಕಕ್ಕೆ ಬಂದಿವೆ.

ಇಲ್ಲಿ ಬಹಳ ಮಂದಿ ನಂಬುವ ಒಂದು ತಾಳೆ ಕೆಲಸಕ್ಕೆ ಬಾರದು. ಶೇಷ 0, 1, 2ಕ್ಕೆ ಮೂರು ಮೊತ್ತ ತೆಗೆದು, ಮೂರನ್ನೂ ಕೂಡಿದರೆ ಒಟ್ಟು ಬರುತ್ತದೆಯೇ ಎಂದು ನೋಡುವ ರೂಢಿಯಿದೆ. ಸರತಿ ಎಷ್ಟೇ ಜಾರಿದ್ದರೂ ಪ್ರತಿ ಸಾಲು ಮೂರು ಶೇಷಗಳಲ್ಲಿ ಒಂದಕ್ಕೆ ಬಿದ್ದೇ ಬೀಳುತ್ತದೆ, ಹಾಗಾಗಿ ಒಟ್ಟು ಯಾವಾಗಲೂ 4540 ಆಗಿಯೇ ಇರುತ್ತದೆ. ತಾಳೆ ಸರಿ ಹೋಯಿತೆಂದು ಸಹಿ ಬೀಳುತ್ತದೆ, ಒಳಗೆ ಹಂಗಾಮುಗಳು ಅದಲುಬದಲಾಗಿರುತ್ತವೆ.

ನಿಜವಾದ ತಾಳೆ ಸಾಲಿನ ಹೆಸರನ್ನು ಮುಟ್ಟಬೇಕು. ಫಾರ್ಮುಲಾ ಎತ್ತಿಕೊಂಡ ಸಾಲುಗಳಲ್ಲಿ B ಕಾಲಂನ ಹೆಸರು ಬೇಸಿಗೆ ಅಲ್ಲದವು ಎಷ್ಟು ಎಂದು ಎಣಿಸುವುದು:

```
=SUMPRODUCT((MOD(ROW(B5:B16)-ROW(B5),3)=2)*(B5:B16<>B7))
```

B7ರಲ್ಲಿ ಬೇಸಿಗೆ ಎಂದಿದೆ. ಎಲ್ಲ ಸರಿ ಇದ್ದರೆ ಉತ್ತರ 0. ಖಾಲಿ ಸಾಲು ನುಗ್ಗಿದ ಮೇಲೆ ಇದೇ ಸೆಲ್ 3 ಎಂದು ತೋರಿಸುತ್ತದೆ, ಮೂರು ತಾಲ್ಲೂಕು ತಪ್ಪಿವೆ ಎಂದು. ಈ ಒಂದು ಸೆಲ್ ಇಲ್ಲದೆ MOD ಮತ್ತು ROW ನಂಬಿ ವರದಿ ಕಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಲು ಕಡಿಮೆಯಾದರೂ ಇದೇ ಕಥೆ. ಜಲಾಶಯದಲ್ಲಿ ನೀರು ಸಾಲದೆ ಎರಡನೇ ಬೆಳೆಗೆ ಕಾಲುವೆ ಬಿಡದ ವರ್ಷ ಗಂಗಾವತಿಯಿಂದ ಬೇಸಿಗೆಯ ಸಾಲೇ ಇಲ್ಲದ ತಖ್ತೆ ಬರಬಹುದು. ಬಿತ್ತನೆ ಇಲ್ಲದಿದ್ದರೂ ಸಾಲು ಇರಬೇಕು, ಅದರಲ್ಲಿ 0 ಇರಬೇಕು. ಅಕ್ಷರಕ್ರಮಕ್ಕೋ ವಿಸ್ತೀರ್ಣದ ಕ್ರಮಕ್ಕೋ ತಖ್ತೆಯನ್ನು ವಿಂಗಡಿಸಿದರಂತೂ ಸರತಿ ಒಂದೇ ಏಟಿಗೆ ಚೂರಾಗುತ್ತದೆ. ಫಿಲ್ಟರ್ ಹಾಕಿ ಸಾಲು ಮರೆಮಾಡಿದರೆ ಮಾತ್ರ ತೊಂದರೆಯಿಲ್ಲ, ಮರೆಯಾದ ಸಾಲಿನ ಸಂಖ್ಯೆ ಬದಲಾಗುವುದಿಲ್ಲ, SUMPRODUCT ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಹೆಸರು ನೋಡಿ ಕೂಡಿದರೆ ಆಗದೇ

ಆಗುತ್ತದೆ, ಹೆಸರು ಸರಿಯಾಗಿದ್ದರೆ ಅದೇ ಮೇಲು. B ಕಾಲಂನಲ್ಲಿ ಬೇಸಿಗೆ ಎಂದಿರುವ ಸಾಲುಗಳನ್ನು ಕೂಡು ಎನ್ನಲು SUMIF ಸಾಕು:

```
=SUMIF(B5:B16,"ಬೇಸಿಗೆ",C5:C16)
```

ಇದಕ್ಕೆ ಸರತಿ ಬೇಕಿಲ್ಲ, ಖಾಲಿ ಸಾಲು ಬಂದರೂ, ವಿಂಗಡಿಸಿದರೂ 540 ಆಗಿಯೇ ಉಳಿಯುತ್ತದೆ. ಆದರೆ ಕರ್ನಾಟಕದ ಕಚೇರಿ ಹಾಳೆಗಳಲ್ಲಿ ಇದಕ್ಕೊಂದು ಅಡ್ಡಿಯಿದೆ, ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಅದು ಎದುರಾಗುವುದೇ ಇಲ್ಲ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕನ್ನಡ ಕಂಪ್ಯೂಟರಿನ ಒಳಗೆ ಕನ್ನಡವಾಗಿ ಉಳಿದಿರುವುದಿಲ್ಲ. ಲ್ಯಾಟಿನ್ ಚಿಹ್ನೆಗಳ ಮೇಲೆ ಕನ್ನಡದ ರೂಪ ಹೊದಿಸಿರುತ್ತದೆ. ಬೇಸಿಗೆ ಎಂಬ ಪದವಿರುವ ಸೆಲ್ಲಿಗೆ ಬೇರೆ ಫಾಂಟ್ ಕೊಟ್ಟು ನೋಡಿದರೆ ಅದರ ಒಳರೂಪ ಹೊರಬರುತ್ತದೆ:

```
¨ÉÃ¹UÉ
```

ಯೂನಿಕೋಡ್‌ನಲ್ಲಿ ಟೈಪಿಸಿದ ಬೇಸಿಗೆಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ, SUMIF ಪಾಲಿಗೆ ಒಂದಕ್ಷರವೂ ಹೊಂದುವುದಿಲ್ಲ. ಕೊಪ್ಪಳ ಮತ್ತು ಯಲಬುರ್ಗಾದಿಂದ ಯೂನಿಕೋಡ್ ಹಾಳೆ, ಗಂಗಾವತಿ ಮತ್ತು ಕುಷ್ಟಗಿಯಿಂದ ನುಡಿ ಹಾಳೆ ಬಂದು ನಾಲ್ಕನ್ನೂ ಒಂದರ ಕೆಳಗೊಂದು ಅಂಟಿಸಿದರೆ ಮೇಲಿನ SUMIF ಕೊಡುವುದು 60 ಮತ್ತು 10 ಸೇರಿ 70. MOD ಮತ್ತು ROW ಹೆಸರನ್ನು ಓದುವುದೇ ಇಲ್ಲವಾದ್ದರಿಂದ 540 ಕೊಡುತ್ತವೆ. ಪದದ ಕೊನೆಗೆ ಕಾಣದ ಒಂದು ಸ್ಪೇಸ್ ಸೇರಿಕೊಂಡಾಗಲೂ, ಒಬ್ಬರು ಬೇಸಿಗೆ ಎಂದೂ ಇನ್ನೊಬ್ಬರು ಬೇಸಗೆ ಎಂದೂ ಬರೆದಾಗಲೂ ಹೀಗೇ ಆಗುತ್ತದೆ. ಸ್ಥಾನ ನೋಡಿ ಕೂಡುವ ಈ ವಿಧಾನ ನಮ್ಮಲ್ಲಿ ಇನ್ನೂ ಬಳಕೆಗೆ ಬರುವುದು ಇಂಥಲ್ಲಿ. ಆಗ ಮೇಲಿನ ತಾಳೆಯ ಸೆಲ್ 2 ಎಂದು ತೋರಿಸುತ್ತದೆ. ಮೊತ್ತ ಸರಿ ಇದ್ದರೂ ಎರಡು ಹೆಸರು ಬೇರೆ ಬರವಣಿಗೆಯಲ್ಲಿವೆ ಎಂದು ಅದರಿಂದ ತಿಳಿಯುತ್ತದೆ. ಆ ಎರಡನ್ನು ಯೂನಿಕೋಡ್‌ಗೆ ಪರಿವರ್ತಿಸಿದರೆ ತಾಳೆ 0ಗೆ ಇಳಿಯುತ್ತದೆ, ಆಮೇಲೆ SUMIF ಕೂಡ ನಂಬಿಕೆಗೆ ಅರ್ಹ.

ಜನಗಣತಿಯ ಕಾಲಂ

ಮೂರರ ಸರತಿಯ ಅತ್ಯಂತ ಪರಿಚಿತ ಉದಾಹರಣೆ ಜನಗಣತಿಯ ಪ್ರಾಥಮಿಕ ಸಾರದ ಹಾಳೆ. 2011ರ ಗಣತಿಯ ಹಾಳೆಗಳಲ್ಲಿ TRU ಎಂಬ ಒಂದು ಕಾಲಂ ಇದೆ, ಅದರಲ್ಲಿ Total, Rural, Urban ಎಂಬ ಮೂರು ಪದಗಳು ಸರತಿಯಲ್ಲಿ ಬರುತ್ತವೆ. ಒಂದೊಂದು ಪ್ರದೇಶಕ್ಕೂ ಒಟ್ಟು, ಗ್ರಾಮೀಣ, ನಗರ ಎಂದು ಮೂರು ಸಾಲು. ಇಲ್ಲಿ ಬೇಸಾಯದ ತಖ್ತೆಗಿಂತ ಬೇರೆಯಾದ ಒಂದು ಅಪಾಯವಿದೆ. ಮೊದಲ ಸಾಲು ಉಳಿದೆರಡರ ಮೊತ್ತವೇ ಆಗಿರುವುದರಿಂದ ಕಾಲಂ ಪೂರ್ತಿ SUM ಮಾಡಿದರೆ ಜನಸಂಖ್ಯೆ ಇಮ್ಮಡಿಯಾಗುತ್ತದೆ. ರಾಜ್ಯದ ಮೂರು ಸಾಲುಗಳಲ್ಲಿ ಇದನ್ನು ಪರೀಕ್ಷಿಸಬಹುದು. ಗ್ರಾಮೀಣ 3,74,69,335, ನಗರ 2,36,25,962, ಒಟ್ಟು 6,10,95,297. ಮೂರನ್ನೂ ಕೂಡಿದರೆ ಬರುವುದು 12,21,90,594.

2011ರಲ್ಲಿ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13,89,920. ನಾಲ್ಕು ತಾಲ್ಲೂಕಿನ ಹನ್ನೆರಡು ಸಾಲುಗಳಲ್ಲಿ ಶೇಷ 0 ಇರುವ ನಾಲ್ಕನ್ನು, ಅಂದರೆ ಒಟ್ಟಿನ ಸಾಲುಗಳನ್ನು ಕೂಡಿದರೆ ಇದೇ ಸಂಖ್ಯೆ ಬರಬೇಕು. 27,79,840 ಬಂದರೆ ತಪ್ಪು ಎರಡರಲ್ಲಿ ಒಂದು. ಒಂದೋ ಬರಿಯ SUM ಬಳಸಲಾಗಿದೆ, ಇಲ್ಲವೇ ವ್ಯಾಪ್ತಿ ತಾಲ್ಲೂಕುಗಳ ಮೇಲಿರುವ ಜಿಲ್ಲೆಯ ಮೂರು ಸಾಲುಗಳಿಂದಲೇ ಶುರುವಾಗಿದೆ. ಎರಡನೆಯದು ಗುರುತಿಸಲು ಕಷ್ಟ. ಜಿಲ್ಲೆಯದೂ ಮೂರೇ ಸಾಲು, ಆದ್ದರಿಂದ ಸರತಿ ಒಂದಿಷ್ಟೂ ಜಾರುವುದಿಲ್ಲ, ಹೆಸರಿನ ತಾಳೆ 0 ಎಂದೇ ತೋರಿಸುತ್ತದೆ. ಜಿಲ್ಲೆ ಒಮ್ಮೆ ತಾನಾಗಿ, ಇನ್ನೊಮ್ಮೆ ತಾಲ್ಲೂಕುಗಳಾಗಿ ಲೆಕ್ಕಕ್ಕೆ ಸೇರಿರುತ್ತದೆ.

ನಾಲ್ಕು ಏಳಾದಾಗ

ಗಣತಿಯ ಆ ಹನ್ನೆರಡು ಸಾಲು ಈಗಿನ ತಖ್ತೆಗೆ ಸಾಲುವುದಿಲ್ಲ. ಗಂಗಾವತಿಯಿಂದ ಕಾರಟಗಿ ಮತ್ತು ಕನಕಗಿರಿ, ಯಲಬುರ್ಗಾದಿಂದ ಕುಕನೂರು ಬೇರೆಯಾಗಿ ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಾಗಿವೆ, ಹಂಗಾಮಿನ ತಖ್ತೆ 21 ಸಾಲಾಗಿದೆ. ಹಳೆಯ ಹಾಳೆಯನ್ನೇ ತೆರೆದು ಹೊಸ ತಾಲ್ಲೂಕು ಸೇರಿಸುವವರು ಗಂಗಾವತಿಯ ಕೊನೆಯ ಸಾಲಿನ ಕೆಳಗೆ ಆರು ಸಾಲು ತೂರಿಸುತ್ತಾರೆ. ಅದು ವ್ಯಾಪ್ತಿಯ ಒಳಗಿನ ಜಾಗ, ಸೇರಿದ್ದು ಮೂರರ ಮಡಿಯಲ್ಲಿ, ಹಾಗಾಗಿ ಫಾರ್ಮುಲಾ ತಾನೇ C5:C22 ಆಗಿ ಸರತಿ ಕೆಡದೆ ಮುಂದುವರಿಯುತ್ತದೆ. ಕುಕನೂರಿನ ಮೂರು ಸಾಲನ್ನು ಮಾತ್ರ ಯಲಬುರ್ಗಾದ ಕೆಳಗೆ, 23ನೇ ಸಾಲಿನಿಂದ ಬರೆಯುತ್ತಾರೆ. ಅದು ವ್ಯಾಪ್ತಿಯ ಹೊರಗೆ. ಎಕ್ಸೆಲ್ ಕೆಲವೊಮ್ಮೆ ತಾನಾಗಿ ವ್ಯಾಪ್ತಿ ಹಿಗ್ಗಿಸುವುದುಂಟು, ಅದನ್ನು ನೆಚ್ಚಿಕೊಳ್ಳಲಾಗದು.

ಆಗ ಕುಕನೂರಿನ ಎರಿ ಹೊಲಗಳೆಲ್ಲ ಜಿಲ್ಲೆಯ ಲೆಕ್ಕದಿಂದ ಹೊರಗುಳಿಯುತ್ತವೆ. ತಾಳೆಯ ಸೆಲ್ ಕೂಡ 22ನೇ ಸಾಲಿನವರೆಗೆ ಮಾತ್ರ ನೋಡುವುದರಿಂದ 0 ಎಂದೇ ಹೇಳುತ್ತದೆ. ಇದನ್ನು ಹಿಡಿಯಲು ಮೊತ್ತದ ಪಕ್ಕದಲ್ಲಿ ತಾಲ್ಲೂಕುಗಳ ಸಂಖ್ಯೆ ತೋರಿಸುವ ಇನ್ನೊಂದು ಸೆಲ್ ಬೇಕು:

```
=ROWS(C5:C22)/3
```

ಇದು 6 ಎಂದು ತೋರಿಸಿದರೆ ಒಂದು ತಾಲ್ಲೂಕು ಬಿಟ್ಟುಹೋಗಿದೆ, ಭಿನ್ನರಾಶಿ ಬಂದರೆ ಸರತಿ ಮುರಿದಿದೆ. ಕುಕನೂರಿನ ಮೂರು ಸಾಲನ್ನು ಯಲಬುರ್ಗಾದ ಮುಂಗಾರಿನ ಸಾಲಿನ ಮೇಲೆಯೇ ತೂರಿಸಿದರೆ ಅವು ವ್ಯಾಪ್ತಿಯ ಒಳಗೇ ಬೀಳುತ್ತವೆ, ಮೂರೂ ಫಾರ್ಮುಲಾಗಳು C25ರವರೆಗೆ ಹಿಗ್ಗುತ್ತವೆ, ಈ ಸೆಲ್ 7 ತೋರಿಸುತ್ತದೆ.